ಮುತ್ಯಾ-ಆಯಿಯ ಹಳೆ ಫೋಟೋದಿಂದ ಮೈಸೂರು ಶೈಲಿಯ ಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಮುತ್ಯಾ ಮತ್ತು ಆಯಿಯ ಒಂದೇ ಒಂದು ಜೋಡಿ ಫೋಟೋ ಇದೆ. 1974ರಲ್ಲಿ ಶಹಾಪುರದ ಸ್ಟುಡಿಯೋದಲ್ಲಿ ತೆಗೆಸಿದ್ದು, ಕಪ್ಪು-ಬಿಳುಪು. ಮುತ್ಯಾ ಕುರ್ಚಿ ಮೇಲೆ ಕೂತಿದ್ದಾರೆ, ತಲೆಗೆ ರುಮಾಲು, ಕಣ್ಣಿಗೆ ದಪ್ಪ ಕನ್ನಡಕ. ಆಯಿ ಪಕ್ಕದಲ್ಲಿ ನಿಂತಿದ್ದಾರೆ, ಇಳಕಲ್ ಸೀರೆ, ಮೂಗಿಗೆ ನತ್ತು, ಕೊರಳಲ್ಲಿ ಬೋರಮಾಳ. ಇದನ್ನು ನಾನು ಮೈಸೂರು ಅರಮನೆ ಚಿತ್ರಗಳ ರೀತಿಯಲ್ಲಿ ಬಿಡಿಸಿದೆ. ಚಿತ್ರ ನೋಡಿದ ನೆಂಟರು, ಗೆಳೆಯರು, ಅವರ ಗೆಳೆಯರು ಎಲ್ಲ ಕಲಬುರಗಿಯಿಂದ, ಬೀದರಿನಿಂದ ಫೋನ್ ಮಾಡಿ ಕೇಳಿದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಇದ್ದವು. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೈಸೂರು ಶೈಲಿಯೇ ಯಾಕೆ? ತಂಜಾವೂರು ಇನ್ನೂ ಹೊಳೆಯುತ್ತದಲ್ವಾ?

ಹೊಳೆಯುತ್ತದೆ, ಅದೇ ತೊಂದರೆ. ತಂಜಾವೂರಿನಲ್ಲಿ ಉಬ್ಬು ಕೆಲಸ ದಪ್ಪ ಇರುತ್ತದೆ, ಗಾಜಿನ ಹರಳು ಕೂರಿಸುತ್ತಾರೆ, ಬಂಗಾರದ ರೇಕೂ ದಪ್ಪ. ದೇವರ ಚಿತ್ರಕ್ಕೆ ಅದು ಚಂದ. ಮನೆಯ ಹಿರಿಯರ ಮುಖಕ್ಕೆ ಅಷ್ಟು ಹಾಕಿದರೆ ಮುಖ ಹಿಂದೆ ಸರಿದುಬಿಡುತ್ತದೆ, ಕಣ್ಣು ಮೊದಲು ಹರಳಿಗೇ ಹೋಗುತ್ತದೆ. ಮೈಸೂರು ಶೈಲಿಯಲ್ಲಿ ಉಬ್ಬು ತೀರಾ ತೆಳು, ಬೆರಳಾಡಿಸಿದರೆ ಗೊತ್ತಾಗುವಷ್ಟು ಮಾತ್ರ. ಗೆರೆ ನಾಜೂಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಶೈಲಿಯಲ್ಲಿ ದೇವರ ಜೊತೆಗೆ ಮನುಷ್ಯರ ಭಾವಚಿತ್ರಗಳೂ ಬಂದವು, ಹಾಗಾಗಿ ಮುಖ ಬಿಡಿಸುವ ರೂಢಿ ಇದರಲ್ಲಿ ಇದೆ.

ನಮ್ಮ ಕಡೆಯದ್ದೇ ಬೇಕು ಅನ್ನುವವರಿಗೆ ಸುರಪುರ ಇದೆ. 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಕಲಾವಿದರು ಬೇರೆ ಬೇರೆ ಆಸ್ಥಾನಗಳಿಗೆ ಚದುರಿದರು. ಆ ಬೇರಿನಿಂದಲೇ ಮೈಸೂರು, ತಂಜಾವೂರು ಶೈಲಿಗಳು ಬೆಳೆದವು. ಸುರಪುರದ ನಾಯಕರ ಆಸ್ಥಾನದಲ್ಲೂ ಬಂಗಾರ ಬಳಸುವ ನಾಜೂಕು ಗೆರೆಯ ಶೈಲಿಯೊಂದು ಬೆಳೆಯಿತು. ಕೆಲಸದ ಕ್ರಮ ಮೈಸೂರಿನದ್ದು ಇಟ್ಟುಕೊಂಡು, ಬಟ್ಟೆ, ಒಡವೆ, ಅಂಚಿನ ಬಳ್ಳಿ ನಮ್ಮ ಭಾಗದ್ದು ಹಾಕುವುದು ನನಗೆ ಸರಿ ಅನಿಸಿತು.

ಫೋಟೋದ ಮೇಲೆ ಟ್ರೇಸ್ ಮಾಡಿದರೆ ಸಾಕಾ?

ಟ್ರೇಸ್ ಮಾಡಬಹುದು, ತಪ್ಪೇನಿಲ್ಲ. ಆದರೆ ಏನನ್ನು ಟ್ರೇಸ್ ಮಾಡಬೇಕು ಅನ್ನುವುದು ಮುಖ್ಯ. ಫೋಟೋ ನೆರಳಿನಿಂದ ಆಗಿರುತ್ತದೆ, ಆಸ್ಥಾನದ ಚಿತ್ರ ಗೆರೆಯಿಂದ ಆಗಿರುತ್ತದೆ. ಸ್ಟುಡಿಯೋದ ದೀಪ ಒಂದು ಕಡೆಯಿಂದ ಬಿದ್ದು ಮುತ್ಯಾನ ಎಡಗೆನ್ನೆ ಪೂರ್ತಿ ಕಪ್ಪಾಗಿತ್ತು. ನಾನು ಮೊದಲ ಸಲ ಆ ಕಪ್ಪಿನ ಅಂಚನ್ನೂ ಗೆರೆ ಎಂದುಕೊಂಡು ಎಳೆದೆ. ಬಣ್ಣ ತುಂಬಿದ ಮೇಲೆ ಕೆನ್ನೆಯ ಮೇಲೆ ಗಾಯದ ಗುರುತು ಇದ್ದಂತೆ ಕಂಡಿತು.

ಫೋಟೋವನ್ನು ಬೇಕಾದ ಅಳತೆಗೆ ದೊಡ್ಡದು ಮಾಡಿ ಪ್ರಿಂಟ್ ತೆಗೆಸಿ, ಮೇಲೆ ಟ್ರೇಸಿಂಗ್ ಪೇಪರ್ ಇಡಿ. ಪ್ರತಿ ಗೆರೆ ಎಳೆಯುವ ಮೊದಲು ಕೇಳಿಕೊಳ್ಳಿ: ಇಲ್ಲಿ ಒಂದು ವಸ್ತು ಮುಗಿದು ಇನ್ನೊಂದು ಶುರುವಾಗುತ್ತಾ, ಅಥವಾ ಬರೀ ಬೆಳಕು ಕಡಿಮೆಯಾಗುತ್ತಾ? ಬೆಳಕು ಮಾತ್ರ ಕಡಿಮೆಯಾದರೆ ಗೆರೆ ಬೇಡ. ಸೀರೆಯ ನೆರಿಗೆ ಫೋಟೋದಲ್ಲಿ ಇಪ್ಪತ್ತು ಇದ್ದವು, ನಾನು ಏಳು ಇಟ್ಟೆ, ಉದ್ದಕ್ಕೆ ಒಂದೇ ಹರಿವಿನಲ್ಲಿ. ಕಣ್ಣು ಸ್ವಲ್ಪ ದೊಡ್ಡದು ಮಾಡಿ, ಹುಬ್ಬು ಒಂದೇ ಬಿಲ್ಲಿನ ಹಾಗೆ ಎಳೆಯಿರಿ. ಮೂಗು, ಬಾಯಿ, ಗಲ್ಲದ ಅಳತೆಯನ್ನು ಮಾತ್ರ ಮುಟ್ಟಬೇಡಿ, ಗುರುತು ಸಿಗುವುದು ಅಲ್ಲೇ.

ಹಿಂದಿನ ಚಿತ್ರಗಾರರು ಕರಡು ಗೆರೆಗೆ ಹುಣಸೆ ಕಡ್ಡಿಯ ಇದ್ದಿಲು ಬಳಸುತ್ತಿದ್ದರು. ಸುಲಭವಾಗಿ ಒರೆಸಿ ಹೋಗುತ್ತದೆ, ಅದೇ ಅನುಕೂಲ. ಈಗ ಪೆನ್ಸಿಲ್ ಸಾಕು, ಆದರೆ ಒತ್ತಿ ಎಳೆಯಬೇಡಿ, ತೆಳು ಬಣ್ಣದ ಕೆಳಗಿಂದ ಅದು ಇಣುಕುತ್ತದೆ.

ಕಂಪ್ಯೂಟರಿನಲ್ಲಿ ಪೋಸ್ಟರೈಜ್ ಮಾಡಿದರೆ ನೆರಳು ತಾನೇ ಹೋಗುವುದಿಲ್ವಾ?

ಹೋಗುವುದಿಲ್ಲ. ಅದು ನೆರಳನ್ನು ನಾಲ್ಕೈದು ತುಂಡು ಮಾಡಿ ಕೊಡುತ್ತದೆ ಅಷ್ಟೇ. ಮುಖದ ಮೇಲೆ ನಕ್ಷೆಯ ಥರ ಪಟ್ಟೆ ಬರುತ್ತವೆ. ಮಾಸಿದ ಫೋಟೋ ಸ್ವಲ್ಪ ಸ್ಪಷ್ಟ ಮಾಡಿಕೊಳ್ಳುವುದಕ್ಕೆ ಕಂಪ್ಯೂಟರ್ ಬಳಸಿ. ಯಾವ ಗೆರೆ ಇರಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ.

ಯಾವುದರ ಮೇಲೆ ಬಿಡಿಸಬೇಕು?

ನಾನು 12 ಇಂಚು ಅಗಲ, 16 ಇಂಚು ಎತ್ತರದ ಪ್ಲೈವುಡ್ ತೆಗೆದುಕೊಂಡು ಮೇಲೆ ದಪ್ಪ ಡ್ರಾಯಿಂಗ್ ಪೇಪರ್ ಅಂಟಿಸಿದೆ. ಹಿಂದೆಯೂ ಒಂದು ಹಾಳೆ ಅಂಟಿಸಲೇಬೇಕು. ಒಂದೇ ಕಡೆ ಅಂಟಿಸಿದರೆ ಒಣಗುವಾಗ ಕಾಗದ ಎಳೆದು ಹಲಗೆ ಬಾಗುತ್ತದೆ. ಗಾಳಿ ಗುಳ್ಳೆ ಉಳಿಯದ ಹಾಗೆ ನಡುವಿನಿಂದ ಅಂಚಿಗೆ ಒಣ ಬಟ್ಟೆಯಿಂದ ಒತ್ತುತ್ತಾ ಹೋಗಿ, ಮೇಲೆ ಭಾರ ಇಟ್ಟು ಒಂದು ದಿನ ಬಿಡಿ.

ಅಂಚು ಎಷ್ಟು ಅಗಲ ಇರಬೇಕು? ನನ್ನ ಬಳ್ಳಿ ಮೂಲೆಗೆ ಬಂದಾಗ ಯಾವಾಗಲೂ ಅರ್ಧಕ್ಕೆ ತುಂಡಾಗುತ್ತದೆ.

ಇದನ್ನು ಎಲ್ಲರೂ ಕೇಳುತ್ತಾರೆ. ಉತ್ತರ ಲೆಕ್ಕದಲ್ಲಿದೆ, ಕೈಚಳಕದಲ್ಲಿ ಅಲ್ಲ.

ನಮ್ಮ ಹಲಗೆ 12 ಮತ್ತು 16 ಇಂಚು. ಸುತ್ತ ಒಂದೂವರೆ ಇಂಚು ಅಂಚು ಬಿಟ್ಟರೆ ಒಳಗೆ 9 ಮತ್ತು 13 ಇಂಚು ಉಳಿಯುತ್ತದೆ. ನಾಲ್ಕು ಮೂಲೆಗಳಲ್ಲಿ ಒಂದೂವರೆ ಇಂಚಿನ ಚೌಕ ಬೇರೆ ಮಾಡಿ ಇಡಿ. ಈಗ ಬಳ್ಳಿ ಓಡಬೇಕಾದ ಉದ್ದ ಅಡ್ಡಕ್ಕೆ 9, ಉದ್ದಕ್ಕೆ 13. ಒಂದು ಹೂವು, ಅದರ ಎಲೆ ಸೇರಿ ಒಂದೂವರೆ ಇಂಚು ಇಟ್ಟರೆ ಅಡ್ಡಕ್ಕೆ ಸರಿಯಾಗಿ ಆರು ಹಿಡಿಸುತ್ತವೆ, ಉದ್ದಕ್ಕೆ ಎಂಟು ಮುಗಿದು ಒಂದು ಇಂಚು ಉಳಿಯುತ್ತದೆ. ಆ ಉಳಿದ ಒಂದು ಇಂಚೇ ನಿಮ್ಮ ಅರ್ಧ ಹೂವು. ಹೂವನ್ನು ಒಂದು ಇಂಚಿಗೆ ಇಳಿಸಿ. ಅಡ್ಡಕ್ಕೆ ಒಂಬತ್ತು, ಉದ್ದಕ್ಕೆ ಹದಿಮೂರು, ಎರಡೂ ಪೂರ್ತಿ. ಎರಡೂ ಬೆಸ ಸಂಖ್ಯೆ ಆಗಿದ್ದರಿಂದ ಪ್ರತಿ ಬದಿಯ ನಟ್ಟನಡುವೆ ಒಂದು ಹೂವು ಬರುತ್ತದೆ, ಅಲ್ಲಿಂದ ಎರಡೂ ಕಡೆಗೆ ಎಲೆಗಳನ್ನು ತಿರುಗಿಸಬಹುದು. ಮೂಲೆಯ ಚೌಕದಲ್ಲಿ ದೊಡ್ಡ ಹೂವೊಂದನ್ನು ಬೇರೆಯಾಗಿ ಕೂರಿಸಿ, ಬಳ್ಳಿಯನ್ನು ಅಲ್ಲಿ ಬಗ್ಗಿಸುವ ಗೋಜೇ ಬೇಡ.

ಅಂಚಿನ ಒಳಗೂ ಹೊರಗೂ ಒಂದೊಂದು ತೆಳು ಪಟ್ಟಿ ಹಾಕಿದರೆ ಬಳ್ಳಿ ಹಿಡಿದಿಟ್ಟಂತೆ ಕಾಣುತ್ತದೆ. ಅದನ್ನು ಒಂದೂವರೆ ಇಂಚಿನ ಒಳಗೇ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಲೆಕ್ಕ ಮತ್ತೆ ತಪ್ಪುತ್ತದೆ.

ಅಂಚಿಗೆ ನಕ್ಷೆ ಎಲ್ಲಿಂದ ತರುವುದು?

ಬೀದರಿನವರು ಇದನ್ನು ಕೇಳಿದಾಗ ನನಗೆ ಸ್ವಲ್ಪ ಆಶ್ಚರ್ಯವೇ ಆಗುತ್ತದೆ. ಮನೆಯ ಶೋಕೇಸಿನಲ್ಲಿರುವ ಬಿದರಿ ಹೂದಾನಿ ತೆಗೆದು ನೋಡಿ. ಕಪ್ಪು ಮೈ ಮೇಲೆ ಬೆಳ್ಳಿಯ ಬಳ್ಳಿ, ಗಸಗಸೆ ಹೂವಿನ ಗಿಡ, ಅಶರ್ಫಿ ಬೂಟಿ. ಕಪ್ಪಿನ ಜಾಗಕ್ಕೆ ದಟ್ಟ ಹಸಿರೋ ಕೆಂಪೋ, ಬೆಳ್ಳಿಯ ಜಾಗಕ್ಕೆ ಬಂಗಾರ ಅಂದುಕೊಳ್ಳಿ, ಅಂಚು ಸಿದ್ಧ. ಅಷ್ಟೂರಿನಲ್ಲಿ ಅಹಮದ್ ಶಾ ವಲಿಯ ಗುಮ್ಮಟದ ಒಳಗೆ ಹೋಗಿ ಕತ್ತೆತ್ತಿ ನೋಡಿದರೆ ಬಣ್ಣ ಮತ್ತು ಬಂಗಾರದ ಪಟ್ಟಿಗಳು ಒಂದರ ಸುತ್ತ ಒಂದು ಹೇಗೆ ಕೂರುತ್ತವೆ ಅಂತ ಗೊತ್ತಾಗುತ್ತದೆ. ನಾನು ನನ್ನ ಚಿತ್ರಕ್ಕೆ ತೆಗೆದುಕೊಂಡದ್ದು ಮಾತ್ರ ಇವು ಯಾವುದೂ ಅಲ್ಲ, ಆಯಿಯ ಸೀರೆಯ ಸೆರಗು. ಇಳಕಲ್ ಸೆರಗಿನ ತೆನೆ, ಅದೇ ಆ ಬಿಳಿ-ಕೆಂಪು ಹಲ್ಲು ಹಲ್ಲಾದ ನಕ್ಷೆ, ಅದನ್ನು ಒಳಪಟ್ಟಿಗೆ ಇಟ್ಟೆ. ದೊಡ್ಡವ್ವ ಚಿತ್ರ ನೋಡಿದ ಕೂಡಲೇ ಅದಕ್ಕೆ ಬೆರಳು ಇಟ್ಟು, "ಇದು ಅವ್ವನ ಸೆರಗು" ಅಂದರು.

ಉಬ್ಬು ಕೆಲಸಕ್ಕೆ ಏನು ಕಲಸಬೇಕು?

ಹಳೆಯ ಮೈಸೂರು ಪಾಕದಲ್ಲಿ ಸೀಸದ ಬಿಳಿ ಪುಡಿ, ರೇವಲ್‌ಚಿನ್ನಿ ಅನ್ನುವ ಮರದ ಹಳದಿ ಹಾಲು ಮತ್ತು ಅಂಟು ಇರುತ್ತಿದ್ದವು. ಸೀಸ ವಿಷ. ಅದನ್ನು ಮನೆಯಲ್ಲಿ, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ, ಕಲಸಲೇಬೇಡಿ. ಅದರ ಬದಲು ಬಟ್ಟೆಯಲ್ಲಿ ಜರಡಿ ಹಿಡಿದ ಚಾಕ್ ಪುಡಿ ಮೂರು ಚಮಚ, ಜಿಂಕ್ ವೈಟ್ ಪುಡಿ ಒಂದು ಚಮಚ ತೆಗೆದುಕೊಳ್ಳಿ.

ಅಂಟು ಅಂದರೆ ಅಂಟಿನುಂಡೆಗೆ ಹಾಕುವ ಗೋಂದೇ. ಒಂದು ಭಾಗ ಗೋಂದು ಕುಟ್ಟಿ ಎರಡು ಭಾಗ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಪೂರ್ತಿ ಕರಗಿ ಜೇನಿನ ಹಾಗೆ ಆಗಿರಬೇಕು. ಕರಗದೆ ಉಬ್ಬಿ ಜೆಲ್ಲಿಯ ಥರ ಕೂತಿದ್ದರೆ ಅದು ಬೇರೆ ಜಾತಿಯ ಗೋಂದು, ಈ ಕೆಲಸಕ್ಕೆ ಬರುವುದಿಲ್ಲ. ಕರಗಿದ್ದನ್ನು ಪುಡಿಗೆ ಸ್ವಲ್ಪ ಸ್ವಲ್ಪ ಹಾಕುತ್ತಾ ಕಲ್ಲಿನ ಮೇಲೆ ಅರೆಯಿರಿ. ಬ್ರಷ್‌ನಿಂದ ಹಾಕುವುದಾದರೆ ದೋಸೆ ಹಿಟ್ಟಿನ ಹದ, ಮೆಹೆಂದಿ ಕೋನ್‌ನಿಂದ ಎಳೆಯುವುದಾದರೆ ಇನ್ನೂ ಗಟ್ಟಿ. ಒಂದೆರಡು ಹನಿ ಹಳದಿ ಬಣ್ಣ ಸೇರಿಸಿ. ಬಂಗಾರದ ಹಾಳೆ ಎಲ್ಲಾದರೂ ಸೂಜಿಮೊನೆಯಷ್ಟು ಹರಿದರೂ ಕೆಳಗೆ ಬಿಳಿ ಕಾಣದೆ ಹಳದಿ ಕಾಣುತ್ತದೆ.

ಹಲಗೆಗೆ ಹಾಕುವ ಮೊದಲು ಬೇರೆ ಕಾಗದದ ಮೇಲೆ ಒಂದು ಚುಕ್ಕೆ ಇಟ್ಟು ಪೂರ್ತಿ ಒಣಗಿಸಿ. ಹೆಬ್ಬೆರಳಿನಿಂದ ಉಜ್ಜಿದಾಗ ಬೆರಳಿಗೆ ಬಿಳಿ ಹತ್ತಿದರೆ ಅಂಟು ಕಡಿಮೆ. ಚುಕ್ಕೆ ಗಾಜಿನಂತೆ ಹೊಳೆದು, ಉಗುರು ಒತ್ತಿದರೆ ಚಟ್ ಎಂದು ಹಾರಿದರೆ ಅಂಟು ಜಾಸ್ತಿ. ಮಂಕಾಗಿದ್ದು, ಉಜ್ಜಿದರೂ ಬಿಡದೆ ಕೂತರೆ ಹದ ಸರಿ.

ಒಣಗಿದ ಮೇಲೆ ಬಿರುಕು ಬಿಡುತ್ತದೆ. ಪಾಕ ಸರಿ ಇದ್ದರೂ ಯಾಕೆ?

ನಮ್ಮ ಬಿಸಿಲು. ಪಾಕ ಮೇಲಿನಿಂದ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ, ಆಗ ಮೇಲಿನ ಪದರ ಸೀಳುತ್ತದೆ. ನಾನು ಏಪ್ರಿಲ್ ತಿಂಗಳಲ್ಲಿ ಮಾಳಿಗೆ ಮೇಲಿನ ಕೋಣೆಯಲ್ಲಿ ಕೂತು ಎರಡು ಬದಿಯ ಅಂಚು ಒಂದೇ ದಿನ ದಪ್ಪಗೆ ಎಳೆದು, ಬೇಗ ಒಣಗಲಿ ಎಂದು ಫ್ಯಾನ್ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಬತ್ತಿದ ಕೆರೆಯ ಕೆಸರಿನ ಹಾಗೆ ಉದ್ದಕ್ಕೂ ಸೀಳು. ಮೂಲೆಯ ಹೂವು ಉಗುರು ತಾಗಿಸಿದ ಕೂಡಲೇ ಇಡಿಯಾಗಿ ಎದ್ದು ಬಂತು. ನಾಲ್ಕು ದಿನದ ಕೆಲಸ ಕೆರೆದು ತೆಗೆಯಬೇಕಾಯಿತು.

ಈಗ ಕೆಳಗಿನ ಕೋಣೆಯಲ್ಲಿ, ಬೆಳಿಗ್ಗೆ ಬೇಗ ಅಥವಾ ರಾತ್ರಿ ಹಾಕುತ್ತೇನೆ. ಒಂದೇ ದಪ್ಪ ಪದರದ ಬದಲು ಎರಡು ಅಥವಾ ಮೂರು ತೆಳು ಪದರ. ಪ್ರತಿ ಪದರ ಪೂರ್ತಿ ಒಣಗಿದ ಮೇಲೆ ಮುಂದಿನದು. ಫ್ಯಾನ್ ಇಲ್ಲ. ಹಲಗೆಗೆ ತಾಗದ ಹಾಗೆ ಮೇಲೆ ರಟ್ಟಿನ ಡಬ್ಬಿ ಮುಚ್ಚಿಟ್ಟರೆ ನಿಧಾನಕ್ಕೆ ಒಣಗುತ್ತದೆ. ಕೂದಲೆಳೆಯಷ್ಟು ಬಿರುಕಾದರೆ ಅದೇ ಪಾಕವನ್ನು ನೀರಾಗಿಸಿ ಬ್ರಷ್ ತುದಿಯಿಂದ ತುಂಬಬಹುದು. ಅಂಚು ಮೇಲೆದ್ದಿದ್ದರೆ ತುಂಬಿ ಪ್ರಯೋಜನವಿಲ್ಲ, ಕೆರೆದು ಹೊಸದಾಗಿ ಹಾಕಿ.

ಬಂಗಾರ ಮೊದಲಾ, ಬಣ್ಣ ಮೊದಲಾ?

ಬಂಗಾರ ಮೊದಲು. ಹಾಳೆಯನ್ನು ಎಷ್ಟೇ ಜೋಪಾನವಾಗಿ ಕೂರಿಸಿದರೂ ಅಂಚು ಆಚೀಚೆ ಹರಡುತ್ತದೆ. ಆಮೇಲೆ ಹಾಕುವ ಬಣ್ಣ ಅದನ್ನು ಮುಚ್ಚಿ ಅಂಚು ಚೊಕ್ಕ ಮಾಡುತ್ತದೆ. ಬಣ್ಣ ಮೊದಲು ಹಾಕಿದರೆ ಚೂರುಗಳು ಬಣ್ಣಕ್ಕೂ ಹತ್ತಿಕೊಂಡು ತೆಗೆಯಲು ಬರುವುದಿಲ್ಲ.

ಉಬ್ಬಿನ ಮೇಲೆ ತೆಳುವಾದ ಗೋಂದು ಸವರಿ ಒಣಗಲು ಬಿಡಿ. ಆಮೇಲೆ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಬಂಗಾರದ ಹಾಳೆ ಉಸಿರಿಗೇ ಹಾರುವಷ್ಟು ತೆಳು. ಕಾಗದದ ಸಮೇತ ಬೇಕಾದಷ್ಟು ಕತ್ತರಿಸಿಕೊಳ್ಳಿ. ಗೋಂದು ಸವರಿದ ಜಾಗದ ಮೇಲೆ ಬಾಯಿಂದ ಬಿಸಿ ಉಸಿರು ಬಿಡಿ, ಕನ್ನಡಕ ಒರೆಸುವ ಮೊದಲು ಬಿಡುತ್ತೇವಲ್ಲ, ಹಾಗೆ. ಆ ತೇವಕ್ಕೆ ಗೋಂದು ಮತ್ತೆ ಅಂಟಂಟಾಗುತ್ತದೆ. ಕೂಡಲೇ ಹಾಳೆ ಇಟ್ಟು ಹತ್ತಿಯಿಂದ ಮೆತ್ತಗೆ ಒತ್ತಿ. ಆಯಿಯ ಬೋರಮಾಳದ ಒಂದೊಂದು ಗುಂಡಿಗೂ ಹೀಗೆ ಉಸಿರು ಬಿಟ್ಟು ಬಿಟ್ಟು ಕೂರಿಸಿದೆ. ನಲವತ್ತೊಂದು ಗುಂಡು, ಒಂದು ಇಡೀ ಮಧ್ಯಾಹ್ನ. ಒಣಗಿದ ಮೇಲೆ ಮೇಲೊಂದು ತೆಳು ನುಣುಪು ಕಾಗದ ಇಟ್ಟು ನಯವಾದ ಕಲ್ಲಿನಿಂದ ತಿಕ್ಕಿದರೆ ಹೊಳಪು ಏಳುತ್ತದೆ. ನೇರವಾಗಿ ಕಲ್ಲು ತಾಗಿಸಿದರೆ ಗೀರು ಬೀಳುತ್ತದೆ.

ಅಸಲಿ ಬಂಗಾರವೇ ಬೇಕಾ? ಅಗ್ಗದ ಹಾಳೆ ನಡೆಯಲ್ವಾ?

ಕಲಿಯುವಾಗ ನಡೆಯುತ್ತದೆ. ಅಗ್ಗದ್ದು ಹೆಚ್ಚಾಗಿ ಹಿತ್ತಾಳೆ. ಮೊದಲು ಅಸಲಿಗಿಂತ ಜಾಸ್ತಿ ಹೊಳೆಯುತ್ತದೆ, ವಾರ್ನಿಷ್ ಇಲ್ಲದಿದ್ದರೆ ವರ್ಷಗಳಲ್ಲಿ ಕಪ್ಪಾಗುತ್ತದೆ. ಯಾವುದು ಅಂತ ಅನುಮಾನ ಇದ್ದರೆ ಒಂದು ಚೂರನ್ನು ವಿನೆಗರ್‌ನಲ್ಲಿ ಒಂದು ದಿನ ಇಡಿ. ಹಸಿರು ಬಿಟ್ಟರೆ ಹಿತ್ತಾಳೆ, ಬಂಗಾರ ಹಾಗೇ ಇರುತ್ತದೆ. ಖರ್ಚು ಕಡಿಮೆ ಮಾಡಬೇಕಿದ್ದರೆ ಜಾಗ ಕಡಿಮೆ ಮಾಡಿ. ಒಡವೆ, ಸೀರೆಯ ದಡಿ, ಕುರ್ಚಿಯ ತೋಳು, ಅಂಚಿನ ಹೂವು, ಇಷ್ಟಕ್ಕೆ ಅಸಲಿ ಹಾಕಿ. ಎಲೆ, ಬಳ್ಳಿಗೆ ಹಳದಿ ಬಣ್ಣವೇ ಚಂದ ಕಾಣುತ್ತದೆ. ಎಲ್ಲ ಕಡೆ ಬಂಗಾರ ಇದ್ದರೆ ಯಾವುದೂ ಬಂಗಾರ ಅನಿಸುವುದಿಲ್ಲ.

ಬಣ್ಣ ಒಂದೇ ಸಮ ಕೂರುವುದಿಲ್ಲ, ಪಟ್ಟೆ ಪಟ್ಟೆ ಕಾಣುತ್ತದೆ.

ಪೋಸ್ಟರ್ ಕಲರ್ ಸಾಕು, ಆದರೆ ಮೂರು ತಪ್ಪು ಆಗುತ್ತವೆ. ಬಣ್ಣ ಅರ್ಧಕ್ಕೆ ಮುಗಿದು ಮತ್ತೆ ಕಲಸುತ್ತೀರಿ, ಎರಡನೆಯ ಸಲ ಅದೇ ಬಣ್ಣ ಬರುವುದಿಲ್ಲ. ದಪ್ಪಗೆ ಒಂದೇ ಸಲ ಬಳಿಯುತ್ತೀರಿ. ಒಣಗುತ್ತಿರುವ ಜಾಗಕ್ಕೆ ಮತ್ತೆ ಬ್ರಷ್ ಹಾಕುತ್ತೀರಿ, ಕೆಳಗಿನ ಪದರ ಕರಗಿ ಎದ್ದು ಬರುತ್ತದೆ.

ಆಯಿಯ ಸೀರೆಗೆ ನಾನು ಬೇಕಾದದ್ದಕ್ಕಿಂತ ಎರಡು ಪಟ್ಟು ಬಣ್ಣ ಕಲಸಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟೆ. ತೆಳು ಮಜ್ಜಿಗೆಗಿಂತ ಸ್ವಲ್ಪ ಗಟ್ಟಿ. ಮೊದಲ ಕೈ ಅಡ್ಡಕ್ಕೆ, ಅದು ಪೂರ್ತಿ ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. ಅಗಲ ಬ್ರಷ್, ಒಂದೇ ಕಡೆಯಿಂದ ಶುರು ಮಾಡಿ ಹಸಿ ಅಂಚನ್ನು ಮುಂದಕ್ಕೆ ಎಳೆಯುತ್ತಾ ಹೋಗುವುದು. ನಮ್ಮ ಬೇಸಿಗೆಯಲ್ಲಿ ಆ ಹಸಿ ಅಂಚು ಕಣ್ಣೆದುರೇ ಒಣಗುತ್ತದೆ, ಅದಕ್ಕೂ ಬೆಳಗಿನ ಹೊತ್ತೇ ಒಳ್ಳೆಯದು.

ಹಿಂದೆ ಕೆಂಪಿಗೆ ಇಂಗಲೀಕ, ಹಳದಿಗೆ ಹರದಾಳ ಬಳಸುತ್ತಿದ್ದರು. ಒಂದರಲ್ಲಿ ಪಾದರಸ, ಇನ್ನೊಂದರಲ್ಲಿ ಆರ್ಸೆನಿಕ್. ಆ ಬಣ್ಣವನ್ನು ನೋಡಿ ಹೊಂದಿಸಿ, ಆ ಪುಡಿಯನ್ನು ಮನೆಗೆ ತರಬೇಡಿ.

ಫೋಟೋ ಕಪ್ಪು-ಬಿಳುಪು. ಸೀರೆಯ ಬಣ್ಣ ಹೇಗೆ ಗೊತ್ತಾಗುತ್ತದೆ?

ಮನೆಯವರನ್ನು ಕೇಳಿ, ಒಬ್ಬರನ್ನೇ ಅಲ್ಲ. ಅಪ್ಪ ಹಸಿರು ಅಂದರು, ದೊಡ್ಡವ್ವ ಚಂದ್ರಕಾಳಿ ಸೀರೆ ಅಂದರು. ಟ್ರಂಕ್ ತೆಗೆದು ನೋಡಿದಾಗ ಕಪ್ಪು ಮೈ, ಕೆಂಪು ಸೆರಗಿನ ಸೀರೆ ಸಿಕ್ಕಿತು, ದಡಿಯ ಪಟ್ಟಿ ಫೋಟೋದ ಜೊತೆ ಸರಿಯಾಗಿ ಹೊಂದಿತು. ಏನೂ ಸಿಗದಿದ್ದರೆ ಫೋಟೋದಲ್ಲಿ ಕಪ್ಪಾಗಿ ಕಂಡದ್ದಕ್ಕೆ ದಟ್ಟ ಬಣ್ಣ, ತಿಳಿಯಾಗಿ ಕಂಡದ್ದಕ್ಕೆ ತಿಳಿ ಬಣ್ಣ ಇಡಿ. ಒಟ್ಟು ಚಿತ್ರಕ್ಕೆ ಐದಾರು ಬಣ್ಣ ಮೀರಬೇಡಿ. ನನ್ನಲ್ಲಿ ಕೆಂಪು, ಕಪ್ಪು, ಬಿಳಿ, ದಟ್ಟ ಹಸಿರು, ಮೈಬಣ್ಣ, ಜೊತೆಗೆ ಸ್ವಲ್ಪ ಹಳದಿ.

ಮುಖವೂ ಪೂರ್ತಿ ಸಪಾಟಾಗಿ ಇರಬೇಕಾ?

ಇಲ್ಲ. ಬಟ್ಟೆ, ಹಿನ್ನೆಲೆ, ಅಂಚು ಸಪಾಟು. ಮೈಸೂರು ಭಾವಚಿತ್ರಗಳ ಮುಖದಲ್ಲಿ ತೀರಾ ಮೆತ್ತಗಿನ ನೆರಳು ಇರುತ್ತದೆ. ಮೈಬಣ್ಣ ಒಂದೇ ಸಮ ತುಂಬಿ, ಅದಕ್ಕೆ ಸ್ವಲ್ಪ ಕಂದು ಸೇರಿಸಿ, ಮುಖದ ಹೊರಗೆರೆಯ ಒಳಗೆ, ಮೂಗಿನ ಪಕ್ಕ, ಗಲ್ಲದ ಕೆಳಗೆ ಸಣ್ಣ ಸಣ್ಣ ಚುಕ್ಕೆ ಇಡಿ. ಎರಡು ಕಡೆಯೂ ಸಮ ಇರಲಿ, ಫೋಟೋದ ದೀಪದ ಕಡೆ ನೋಡಬೇಡಿ. ಮೈಬಣ್ಣವನ್ನು ಬಿಳುಪು ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಮುತ್ಯಾ ಹೊಲದಲ್ಲಿ ದುಡಿದು ಕಪ್ಪಾಗಿದ್ದರು. ಆ ಬಣ್ಣ ಬಂಗಾರದ ಪಕ್ಕದಲ್ಲಿ ಎಷ್ಟು ಚಂದ ಕೂತಿದೆ ಅಂದರೆ, ಬೇರೆ ಬಣ್ಣ ಹಾಕಿದ್ದರೆ ಚಿತ್ರವೇ ಕೆಡುತ್ತಿತ್ತು.

ಕನ್ನಡಕ, ಕೈಗಡಿಯಾರ ಬಿಟ್ಟುಬಿಡಲಾ? ಅರಮನೆ ಚಿತ್ರಕ್ಕೆ ಹೊಂದುವುದಿಲ್ಲ ಅಲ್ವಾ?

ಬಿಡಬೇಡಿ. ಮುತ್ಯಾನನ್ನು ಕನ್ನಡಕ ಇಲ್ಲದೆ ನಾವು ಯಾರೂ ನೋಡಿಲ್ಲ. ಗಾಜಿನ ಮೇಲಿನ ಹೊಳಪು ಮಾತ್ರ ತೆಗೆಯಿರಿ, ಚೌಕಟ್ಟನ್ನು ಒಂದೇ ಗೆರೆಯಲ್ಲಿ ಎಳೆಯಿರಿ, ಕಣ್ಣು ಪೂರ್ತಿ ಕಾಣಲಿ. ಹಿನ್ನೆಲೆಯಲ್ಲಿದ್ದ ಸ್ಟುಡಿಯೋದ ಪರದೆ, ಪ್ಲಾಸ್ಟಿಕ್ ಹೂವು ತೆಗೆದು ಕಮಾನು, ಕಂಬ, ಕಟ್ಟಿದ ಪರದೆ ಹಾಕಿದೆ. ಕಮಾನಿನ ಆಕಾರ ಕಲಬುರಗಿ ಕೋಟೆಯ ಜಾಮಿ ಮಸೀದಿಯದ್ದು.

ಕೊನೆಯ ಗೆರೆ ಯಾವಾಗ?

ಎಲ್ಲ ಬಣ್ಣ ಒಣಗಿದ ಮೇಲೆ. ಬಟ್ಟೆ, ಮೈಗೆ ಕಂದುಗೆಂಪು, ಕೂದಲು, ಹುಬ್ಬಿಗೆ ಕಪ್ಪು. ಸೊನ್ನೆ ನಂಬರ್ ಬ್ರಷ್ ಸಾಕು, ತುದಿ ಚೂಪಾಗಿರಬೇಕು. ಉದ್ದ ಗೆರೆಗೆ ಬೆರಳು ಅಲ್ಲ, ಮೊಣಕೈ ಓಡಬೇಕು. ಉಸಿರು ಹಿಡಿದು ಎಳೆಯಿರಿ. ಕಣ್ಣಿನ ಗುಡ್ಡೆ ಎಲ್ಲಕ್ಕಿಂತ ಕೊನೆಗೆ.

ಚೌಕಟ್ಟು ಹಾಕಿಸುವಾಗ ಏನು ನೋಡಬೇಕು?

ಗಾಜು ಉಬ್ಬಿಗೆ ತಾಗಬಾರದು. ನಡುವೆ ಮೌಂಟ್ ಅಥವಾ ತೆಳು ಮರದ ಪಟ್ಟಿ ಹಾಕಿಸಿ. ಅಂಗಡಿಯವರು ಗಾಜು ಕೂರಿಸುವ ಮೊದಲು ಒದ್ದೆ ಬಟ್ಟೆಯಿಂದ ಧೂಳು ಒರೆಸಲು ಹೋಗುತ್ತಾರೆ, ಪಕ್ಕದಲ್ಲೇ ನಿಂತು ತಡೆಯಿರಿ. ಗೋಂದು, ಪೋಸ್ಟರ್ ಕಲರ್ ಎರಡೂ ನೀರಿಗೆ ಕರಗುತ್ತವೆ. ಒಣಗಿದ ಮೆತ್ತನೆ ಬ್ರಷ್‌ನಿಂದ ಧೂಳು ಹೊಡೆದರೆ ಸಾಕು. ನೇರ ಬಿಸಿಲು ಬೀಳುವ ಗೋಡೆ ಬೇಡ. ನಮ್ಮದು ಪಡಸಾಲೆಯಲ್ಲಿ, ಬಾಗಿಲಿನ ಎದುರಲ್ಲದೆ ಪಕ್ಕದ ಗೋಡೆಯ ಮೇಲಿದೆ. ಸಂಜೆ ದೀಪ ಹಚ್ಚಿದಾಗ ಬೆಳಕು ಓರೆಯಾಗಿ ಬಿದ್ದು ಬೋರಮಾಳದ ಗುಂಡುಗಳು ಒಂದೊಂದಾಗಿ ಕಾಣುತ್ತವೆ.